ಎಂಟು ದಿನದ ರಜೆಯಲ್ಲಿ ಅಮ್ಮನನ್ನು ಊರಿನಿಂದ ಕರೆತರುವುದು ಹೇಗೆ?

ಪ್ರಶ್ನೆ: ಅಮ್ಮನಿಗೆ 76 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ದಿನಕ್ಕೆರಡು ಸಲ ಇನ್ಸುಲಿನ್ ತಗೋತಾರೆ. ಇತ್ತೀಚೆಗೆ ಮರೆವು ಶುರುವಾಗಿದೆ, ಕಳೆದ ತಿಂಗಳು ಬಚ್ಚಲಲ್ಲಿ ಬಿದ್ದರು. ನಾನು, ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಖಾಸಗಿ ಕಂಪನಿಯ ನೌಕರರು. ನನಗೆ 11 ದಿನ ರಜೆ ಉಳಿದಿದೆ, ಒಟ್ಟಿಗೆ ಎಂಟು ದಿನ ಕೇಳಿ ಎಲ್ಲ ಮುಗಿಸೋಣ ಅಂತಿದ್ದೇನೆ. ಅಮೆರಿಕದಲ್ಲಿರುವ ಅಣ್ಣ ಕೇರ್ ಹೋಮ್‌ಗೆ ಸೇರಿಸು ಅನ್ನುತ್ತಾನೆ. ಅಮ್ಮ “ಕೊಟ್ಟಿಗೆ ಬಿಟ್ಟು ನಾ ಎಲ್ಲಿಗೂ ಬರಲ್ಲ” ಅಂತಾರೆ. ಈ ವಯಸ್ಸಲ್ಲಿ ಜಾಗ ಬದಲಿಸಿದರೆ ವರ್ಷ ತುಂಬಲ್ಲ ಅಂತ ನೆಂಟರು ಹೆದರಿಸ್ತಾರೆ. ಇದಕ್ಕೆ ಕಾನೂನಿನಲ್ಲಿ ರಜೆ ಇದೆಯಾ? ಎಂಟು ದಿನ ಸಾಕಾ? ಮನೆಗೆ ತರೋದಾ, ಕೇರ್ ಹೋಮಾ?

ಉತ್ತರ: ಎಂಟು ದಿನ ಸಾಕು. ಆದರೆ ಅವನ್ನು ಒಟ್ಟಿಗೆ ತೆಗೆದುಕೊಳ್ಳಬೇಡಿ. ಹೆಚ್ಚಿನ ಮನೆಗಳಲ್ಲಿ ರಜೆಯೆಲ್ಲ ಊರಲ್ಲೇ ಖರ್ಚಾಗುತ್ತದೆ. ಸಾಮಾನು ಕಟ್ಟುವುದು, ನೆಂಟರಿಗೆ ಹೇಳಿಬರುವುದು, ಮನೆಗೆ ಬೀಗ ಹಾಕುವುದು ಮುಗಿಯುವಷ್ಟರಲ್ಲಿ ಭಾನುವಾರ ಸಂಜೆಯಾಗಿರುತ್ತದೆ. ಸೋಮವಾರ ಬೆಳಗ್ಗೆ ಮಗ ಆಫೀಸಿಗೆ ಹೋಗುತ್ತಾನೆ, ಅಮ್ಮ ಗುರುತಿಲ್ಲದ ಮನೆಯಲ್ಲಿ ಗುರುತಿಲ್ಲದ ಆಯಾ ಜೊತೆ ಕೂತಿರುತ್ತಾರೆ. ಬೀಳುವುದು, ಇನ್ಸುಲಿನ್ ತಪ್ಪುವುದು, ರಾತ್ರಿ ದಿಕ್ಕು ತಪ್ಪುವುದು ಇವೆಲ್ಲ ಪ್ರಯಾಣದ ದಿನ ಆಗುವುದು ಕಡಿಮೆ. ಬಂದ ಮೇಲಿನ ಮೊದಲ ನಾಲ್ಕೈದು ರಾತ್ರಿಗಳಲ್ಲಿ ಮತ್ತು ಎರಡನೇ ವಾರದಲ್ಲಿ ಆಗುವುದೇ ಹೆಚ್ಚು. ನಿಮ್ಮ ರಜೆಯ ಬಹುಪಾಲು ಅಲ್ಲಿಗೆ ಬೇಕು.

ನಿಮ್ಮ ಎಂಟು ದಿನಗಳನ್ನು ಹೀಗೆ ಒಡೆಯಬಹುದು. ಮೊದಲ ಭೇಟಿಗೆ ಒಂದು ಶುಕ್ರವಾರ, ಅದಕ್ಕೆ ಶನಿವಾರ, ಭಾನುವಾರ ಸೇರುತ್ತವೆ. ಎರಡು ವಾರ ಬಿಟ್ಟು ಕರೆತರಲು ಗುರುವಾರ, ಶುಕ್ರವಾರ. ಶನಿವಾರ ಪ್ರಯಾಣ. ಮರುವಾರ ಸೋಮವಾರದಿಂದ ಗುರುವಾರದವರೆಗೆ ನಾಲ್ಕು ದಿನ ಮನೆಯಲ್ಲಿ. ಅಲ್ಲಿಂದ ಎರಡು ವಾರಕ್ಕೆ ಡಾಕ್ಟರ ಮರುಭೇಟಿಗೆ ಒಂದು ದಿನ. ಉಳಿದ ಮೂರು ದಿನ ಆಸ್ಪತ್ರೆಯಂಥ ತುರ್ತಿಗೆ ಖಾತೆಯಲ್ಲೇ ಇರಲಿ.

ರಜೆಯ ಕಾನೂನು

ತಂದೆ ತಾಯಿಯ ಆರೈಕೆಗೆಂದೇ ಪ್ರತ್ಯೇಕ ರಜೆಯನ್ನು ಖಾಸಗಿ ನೌಕರರಿಗೆ ನಮ್ಮ ಯಾವ ಕಾನೂನೂ ಕೊಡುವುದಿಲ್ಲ. ಹಾಗಂತ ನಿಮಗೆ ಆಧಾರವೇ ಇಲ್ಲ ಎಂದಲ್ಲ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಗಳಿಕೆ ರಜೆ ಸಿಗಬೇಕು. ಅದಲ್ಲದೆ ವರ್ಷಕ್ಕೆ 12 ದಿನದವರೆಗೆ ಸಂಬಳಸಹಿತ ರಜೆ ಇದೆ. ಅದು ಕಾಯಿಲೆಗೆ ಮಾತ್ರವಲ್ಲ, ಬೇರೆ ಯಾವುದೇ ಸಕಾರಣಕ್ಕೂ ಸಲ್ಲುತ್ತದೆ. ಒಬ್ಬರೇ ಇರುವ ತಾಯಿ ಬಿದ್ದಿದ್ದಾರೆ, ಅವರನ್ನು ಕರೆತರಬೇಕು ಎನ್ನುವುದು ಸಕಾರಣವೇ. ನಿಮ್ಮ ಅಣ್ಣನ ಗೆಳೆಯರೋ ನೆಂಟರೋ ಕೇಂದ್ರ ಸರ್ಕಾರದ ನೌಕರರಾಗಿದ್ದರೆ ಅವರ ಲೆಕ್ಕ ಬೇರೆ: ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧ ವೇತನ ರಜೆ, 8 ದಿನ ಸಾಂದರ್ಭಿಕ ರಜೆ, 2 ದಿನ ನಿರ್ಬಂಧಿತ ರಜೆ. ವೃದ್ಧ ತಂದೆ ತಾಯಿಯ ಆರೈಕೆಗೂ ಇವನ್ನು ಬಳಸಬಹುದು ಎಂದು ಕೇಂದ್ರ ಸರ್ಕಾರ 2025ರ ಜುಲೈಯಲ್ಲಿ ರಾಜ್ಯಸಭೆಯಲ್ಲೇ ಹೇಳಿದೆ.

ನಿಮಗೆ ಜ್ವರ ಎಂದು ಬರೆದು ಸಿಕ್ ಲೀವ್ ಹಾಕಬೇಡಿ. ಎರಡು ಮೂರು ದಿನ ದಾಟಿದರೆ ನಿಮ್ಮ ಹೆಸರಿನ ವೈದ್ಯಕೀಯ ಪ್ರಮಾಣಪತ್ರ ಕೇಳುತ್ತಾರೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಮುಂದಿನ ತಿಂಗಳು ಅಮ್ಮನನ್ನು ನಿಜವಾಗಿ ಆಸ್ಪತ್ರೆಗೆ ಸೇರಿಸಬೇಕಾದಾಗ ಮ್ಯಾನೇಜರಿಗೆ ಹಿಂದಿನದೇನೂ ಗೊತ್ತಿರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ, ತಾರೀಖಿನ ಸಮೇತ ಬರೆಯಿರಿ. ಕಾಯಿಲೆಯ ವಿವರ ಬೇಡ, ಒಂದು ಸಾಲು ಸಾಕು. ಮ್ಯಾನೇಜರ್ ಮುಖ್ಯವಾಗಿ ನೋಡುವುದು ನೀವು ಯಾವ ದಿನ ಇರುವುದಿಲ್ಲ, ಆ ದಿನ ಕೆಲಸ ಯಾರ ಕೈಯಲ್ಲಿರುತ್ತದೆ, ಇದು ಇನ್ನೂ ಬೆಳೆಯುತ್ತದೆಯೇ ಎಂಬುದನ್ನು. ಹೀಗೆ ಬರೆಯಬಹುದು:

“ಊರಿನಲ್ಲಿ ಒಬ್ಬರೇ ಇರುವ ನನ್ನ ತಾಯಿಯವರನ್ನು (76 ವರ್ಷ) ಆರೋಗ್ಯದ ಕಾರಣಕ್ಕೆ ಬೆಂಗಳೂರಿಗೆ ಕರೆತರಬೇಕಾಗಿದೆ. ಇದಕ್ಕಾಗಿ ಫೆಬ್ರವರಿ 6, 19 ಮತ್ತು 20, 23ರಿಂದ 26, ಮಾರ್ಚ್ 13 ಹೀಗೆ ಒಟ್ಟು ಎಂಟು ದಿನ ರಜೆ ಕೋರುತ್ತೇನೆ. 19ರಿಂದ 21ರವರೆಗೆ ಫೋನಿಗೂ ಸಿಗುವುದು ಕಷ್ಟ. 23ರಿಂದ 26ರವರೆಗೆ ಮಧ್ಯಾಹ್ನ 2ರಿಂದ 3ರವರೆಗೆ ತುರ್ತು ಕರೆಗೆ ಸಿಗುತ್ತೇನೆ. ಬಾಕಿ ಕೆಲಸದ ಪಟ್ಟಿಯನ್ನು, ಯಾರು ನೋಡಿಕೊಳ್ಳುತ್ತಾರೆ ಎಂಬುದರೊಂದಿಗೆ, 17ರಂದು ಕಳಿಸುತ್ತೇನೆ. ಫೆಬ್ರವರಿ 27ರಿಂದ ಎರಡು ವಾರ ಮನೆಯಿಂದ ಕೆಲಸ ಮಾಡಲು ಅವಕಾಶವಿದೆಯೇ ತಿಳಿಸಿ.”

ಒಡೆದ ರಜೆ ಕಂಪನಿಗೂ ಹಗುರ. ಎಂಟು ದಿನ ಸತತವಾಗಿ ಎಂದರೆ ಹಿಂಜರಿಯುವವರು ಇದಕ್ಕೆ ಒಪ್ಪುತ್ತಾರೆ. ಅರ್ಜಿ ಹಾಕುವ ದಿನವೇ ಎಚ್‌ಆರ್ ವಿಭಾಗಕ್ಕೆ ಇನ್ನೊಂದು ಪ್ರಶ್ನೆ ಕೇಳಿ: ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿ ಅಮ್ಮನ ಹೆಸರಿದೆಯೇ, ಇಲ್ಲವಾದರೆ ಯಾವಾಗ ಸೇರಿಸಬಹುದು? ಹಲವು ಕಂಪನಿಗಳಲ್ಲಿ ತಂದೆ ತಾಯಿಯ ಹೆಸರು ಸೇರಿಸಲು ವರ್ಷಕ್ಕೊಮ್ಮೆ ಕೆಲವೇ ದಿನಗಳ ಅವಕಾಶ ಇರುತ್ತದೆ.

ವರ್ಷ ತುಂಬುವುದಿಲ್ಲ ಎಂಬ ಮಾತು

ನೆಂಟರು ಕಂಡದ್ದು ಸುಳ್ಳಲ್ಲ, ಅದಕ್ಕೆ ಕೊಡುವ ಕಾರಣ ತಪ್ಪು. ವಯಸ್ಸಾದವರನ್ನು ಊರಿನಿಂದ ಕರೆತರುವುದೇ ಸಾಮಾನ್ಯವಾಗಿ ಒಂದು ಪೆಟ್ಟು ಬಿದ್ದ ಮೇಲೆ, ಪಾರ್ಶ್ವವಾಯು ಆದ ಮೇಲೆ, ಊಟ ಬಿಟ್ಟ ಮೇಲೆ. ಕಾಯಿಲೆ ಆಗಲೇ ಮುಂದುವರಿದಿರುತ್ತದೆ. ಆಮೇಲೆ ಏನಾದರೂ ಆದರೆ ದೋಷ ಜಾಗದ ಮೇಲೆ ಬರುತ್ತದೆ.

ಜಾಗ ಬದಲಾವಣೆಯಿಂದಲೇ ಬರುವ ಅಪಾಯಗಳೂ ಇವೆ, ಅವು ಹೆಚ್ಚಾಗಿ ತಡೆಯಬಹುದಾದವು. ನಲವತ್ತು ವರ್ಷ ನಡೆದ ಮನೆಯಲ್ಲಿ ಕಾಲಿಗೇ ದಾರಿ ಗೊತ್ತಿರುತ್ತದೆ. ಕರೆಂಟ್ ಹೋದರೂ ಅಮ್ಮ ಮಂಚದಿಂದ ಬಚ್ಚಲಿಗೆ ಹೋಗಿ ಬರುತ್ತಾರೆ. ಹೊಸ ಮನೆಯಲ್ಲಿ ಅದೇ ನಿದ್ದೆಗಣ್ಣಿನಲ್ಲಿ ಎದ್ದು ಹಳೆಯ ಮನೆಯ ದಾರಿ ಹಿಡಿಯುತ್ತಾರೆ, ಗೋಡೆ ಎದುರಾಗುತ್ತದೆ. ಎರಡನೆಯದು ಇನ್ಸುಲಿನ್. ಊರಲ್ಲಿ ಸಂಜೆ ಏಳಕ್ಕೆ ಚುಚ್ಚಿಕೊಂಡು ಏಳೂವರೆಗೆ ಉಣ್ಣುವ ರೂಢಿ ಇರುತ್ತದೆ. ಬೆಂಗಳೂರಿನಲ್ಲಿ ನೀವಿಬ್ಬರೂ ಮನೆಗೆ ಬಂದು ಊಟಕ್ಕೆ ಕೂರುವುದು ಒಂಬತ್ತೂವರೆಗೆ. ಚುಚ್ಚುವ ಹೊತ್ತು ಹಳೆಯದು, ಊಟದ ಹೊತ್ತು ಹೊಸದು ಆದಾಗ ಎಂಟೂವರೆಗೆಲ್ಲ ಸಕ್ಕರೆ ಕುಸಿಯುತ್ತದೆ. ಮೂರನೆಯದು, ಪ್ರಯಾಣಕ್ಕೆ ಹೆದರಿ ನೀರು ಬಿಡುವುದು, ಹೊಸ ಶೌಚಾಲಯಕ್ಕೆ ಸಂಕೋಚಪಟ್ಟು ಮತ್ತೂ ಕಡಿಮೆ ಕುಡಿಯುವುದು. ಅದರಿಂದ ಮಲಬದ್ಧತೆ, ಮೂತ್ರದ ಸೋಂಕು. ಈ ವಯಸ್ಸಿನಲ್ಲಿ ಮೂತ್ರದ ಸೋಂಕಿಗೆ ಉರಿ, ಜ್ವರ ಬಾರದೆಯೂ ಇರಬಹುದು, ಒಮ್ಮೆಗೇ ಬುದ್ಧಿ ಕಲಕಿದಂತೆ ಕಾಣುವುದೇ ಮೊದಲ ಲಕ್ಷಣವಾಗಬಹುದು.

ಮೊದಲ ಭೇಟಿಯ ಶುಕ್ರವಾರ

ಈ ಒಂದು ದಿನ ಡಾಕ್ಟರಿಗಾಗಿ. ಅಮ್ಮನ ಮರೆವು, ಬೀಳುವಿಕೆ ಎರಡಕ್ಕೂ ವಯಸ್ಸೇ ಕಾರಣ ಎಂದು ಈಗಲೇ ತೀರ್ಮಾನಿಸಬೇಡಿ. ಇನ್ಸುಲಿನ್ ತಗೊಳ್ಳುವವರಿಗೆ ಸಕ್ಕರೆ ಆಗಾಗ ಕುಸಿದರೆ ತಲೆ ಮಂಕಾಗುತ್ತದೆ, ಬೀಳುತ್ತಾರೆ. ತೆಗೆದುಕೊಂಡದ್ದು ಮರೆತು ಇನ್ನೊಮ್ಮೆ ಚುಚ್ಚಿಕೊಂಡಿರಲೂಬಹುದು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷ ನುಂಗಿದವರಲ್ಲಿ ಬಿ12 ವಿಟಮಿನ್ ಇಳಿಯಬಹುದು, ಅದರಿಂದಲೂ ಮರೆವು, ಕಾಲು ಜೋಮು, ತೂರಾಟ ಬರುತ್ತವೆ. ಥೈರಾಯ್ಡ್ ಕೊರತೆ, ಸೋಡಿಯಂ ಕುಸಿತ ಕೂಡ ಹೀಗೇ ಕಾಣಿಸುತ್ತವೆ. ಇವೆಲ್ಲ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತವೆ, ಸರಿಪಡಿಸಲೂ ಬಹುದು. ಎಚ್‌ಬಿಎ1ಸಿ, ಕ್ರಿಯಾಟಿನಿನ್, ಸೋಡಿಯಂ, ಹಿಮೋಗ್ಲೋಬಿನ್, ಟಿಎಸ್‌ಎಚ್, ಬಿ12, ಮೂತ್ರಪರೀಕ್ಷೆ ಮಾಡಿಸಿ. ಬಿಪಿಯನ್ನು ಮಲಗಿಸಿ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಲು ಡಾಕ್ಟರನ್ನು ಕೇಳಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ, ಬಚ್ಚಲಲ್ಲಿ ಬೀಳಲು ನೆಲದ ಪಾಚಿಗಿಂತ ಬಿಪಿ ಮಾತ್ರೆಯೇ ಕಾರಣವಾಗಿರಬಹುದು. ಇವನ್ನು ಸರಿಮಾಡದೆ ಕರೆತಂದರೆ ಅದೇ ತೊಂದರೆ ಬೆಂಗಳೂರಿನ ಟೈಲ್ಸ್ ಮೇಲೆ ಮರುಕಳಿಸುತ್ತದೆ.

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಸುರಿದು ಡಾಕ್ಟರ ಮುಂದಿಡಿ, ಅಜೀರ್ಣದ ಚೂರ್ಣ, ಮಂಡಿನೋವಿನ ಗುಳಿಗೆ, ನೆರೆಮನೆಯವರು ಕೊಟ್ಟದ್ದು ಎಲ್ಲವೂ ಸೇರಿ. ಯಾವುದು ಮುಂದುವರಿಯಬೇಕು, ಎಷ್ಟು ಹೊತ್ತಿಗೆ ಎಂದು ಅವರಿಂದಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಬೆಂಗಳೂರಿನ ಡಾಕ್ಟರಿಗೂ ಕೇರ್ ಹೋಮ್‌ಗೂ ಬೇಕಾಗುವ ಮುಖ್ಯ ಕಾಗದ ಇದೇ.

ಶನಿವಾರ, ಭಾನುವಾರ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ ಅಮ್ಮನ ದಿನಚರಿ ನೋಡಿ ಬರೆದುಕೊಳ್ಳಿ. ಎಷ್ಟಕ್ಕೆ ಏಳುತ್ತಾರೆ, ರಾತ್ರಿ ಎಷ್ಟು ಸಲ ಬಚ್ಚಲಿಗೆ ಹೋಗುತ್ತಾರೆ, ಇನ್ಸುಲಿನ್ ಸಿರಿಂಜಿನ ಗೆರೆ ಕಣ್ಣಿಗೆ ಕಾಣುತ್ತದೆಯೇ, ಕೈ ಊರದೆ ಕುರ್ಚಿಯಿಂದ ಏಳುತ್ತಾರೆಯೇ. ಇದರ ಮೇಲೆಯೇ ಮನೆಯೋ ಕೇರ್ ಹೋಮೋ ಎಂಬುದು ನಿಲ್ಲುತ್ತದೆ.

“ಬರಲ್ಲ” ಎನ್ನುವ ಮಾತನ್ನೂ ಈ ಎರಡು ದಿನದಲ್ಲೇ ಬಿಡಿಸಿ ನೋಡಬೇಕು. ಅಮ್ಮ ನಿಮಗೆ ಕಾರಣ ಹೇಳಿಯೇ ಇದ್ದಾರೆ, ಕೊಟ್ಟಿಗೆ. ಹಸುವನ್ನು ಯಾರು ನೋಡುತ್ತಾರೆ, ದೇವರ ಮುಂದೆ ದೀಪ ಯಾರು ಹಚ್ಚುತ್ತಾರೆ, ಯಜಮಾನರ ಶ್ರಾದ್ಧ ಎಲ್ಲಿ ಆಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಖಚಿತ ಉತ್ತರ ಸಿಕ್ಕಾಗ ಹಲವು ತಾಯಂದಿರು ಒಪ್ಪುತ್ತಾರೆ. ಹಸುವನ್ನು ಮಾರಬೇಡಿ. ಪಕ್ಕದ ಮನೆಯವರಿಗೆ ಹಾಲು ಅವರದೇ ಎಂದು ಹೇಳಿ ಮೂರು ತಿಂಗಳಿಗೆ ಒಪ್ಪಿಸಿ, ಅಮ್ಮನ ಎದುರಲ್ಲೇ ಮಾತಾಡಿ. ಮನೆಯನ್ನೂ ಖಾಲಿ ಮಾಡಬೇಡಿ. ಬಾಗಿಲು ತೆರೆದು ಗುಡಿಸಲು ಒಬ್ಬರನ್ನು ಗೊತ್ತು ಮಾಡಿ. “ಆರು ವಾರ ಇದ್ದು ನೋಡು, ಆಮೇಲೆ ಕೂತು ಮಾತಾಡೋಣ” ಎಂದರೆ ಅದು ನಿಜವಾಗಿಯೂ ಹಾಗೆಯೇ ಇರಬೇಕು. ಕಣ್ಣು ಪರೀಕ್ಷೆ ಎಂದು ಹೇಳಿ ಕರೆತಂದು ಉಳಿಸಿಕೊಳ್ಳುವುದು ಅನೇಕ ಮನೆಗಳಲ್ಲಿ ನಡೆಯುತ್ತದೆ. ಮೋಸ ಗೊತ್ತಾದ ದಿನದಿಂದ ಊಟ, ಔಷಧಿ ಎರಡಕ್ಕೂ ಅವರು ನಿಮ್ಮ ಕೈ ನಂಬುವುದಿಲ್ಲ. ಮರೆವಿರುವವರಿಗೆ ನಡೆದ ಸಂಗತಿ ಮರೆತರೂ ಆ ಅಪನಂಬಿಕೆ ಉಳಿದುಕೊಳ್ಳುತ್ತದೆ. ಆಷಾಢ, ಪಿತೃಪಕ್ಷ ಬೇಡ ಎಂದು ಅಮ್ಮ ಹೇಳಿದರೆ ವಾದಿಸಬೇಡಿ, ತಾರೀಖು ಸರಿಸಿ. ಮಲೆನಾಡಿನ ಮಳೆಗಾಲವನ್ನು ಬಿಡುವುದು ಪ್ರಯಾಣಕ್ಕೂ ಒಳ್ಳೆಯದು.

ಮನೆಯೋ, ಕೇರ್ ಹೋಮೋ

ಇದನ್ನು ಪ್ರೀತಿಯ ಅಳತೆಯಾಗಿ ನೋಡಿದರೆ ಅಣ್ಣ ತಮ್ಮಂದಿರ ಜಗಳವಾಗುತ್ತದೆ. ಗಂಟೆಗಳ ಲೆಕ್ಕದಲ್ಲಿ ನೋಡಿ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಏಳರವರೆಗೆ ಮನೆಯಲ್ಲಿ ಯಾರಿರುತ್ತಾರೆ? ರಾತ್ರಿ ಮೂರು ಸಲ ಎದ್ದರೆ ಯಾರು ಏಳುತ್ತಾರೆ, ಎಷ್ಟು ತಿಂಗಳು ಏಳಬಲ್ಲರು? ಇನ್ಸುಲಿನ್ ಯಾರು ಕೊಡುತ್ತಾರೆ, ಕೊಟ್ಟ ಮೇಲೆ ಅಮ್ಮ ಊಟ ಬೇಡ ಎಂದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿದೆಯೇ? ಮರೆವಿನ ಜೊತೆ ಇನ್ಸುಲಿನ್ ಇರುವವರನ್ನು ಫ್ಲ್ಯಾಟಿನಲ್ಲಿ ಹತ್ತು ಗಂಟೆ ಒಬ್ಬರೇ ಬಿಡುವುದು ಊರಿನಲ್ಲಿ ಬಿಡುವುದಕ್ಕಿಂತ ಕೆಟ್ಟದ್ದು. ಊರಿನಲ್ಲಿ ಕೂಗಿದರೆ ಕೇಳುವ ನೆರೆಯವರಾದರೂ ಇರುತ್ತಾರೆ.

ಅಮ್ಮ ಈಗಿರುವ ಸ್ಥಿತಿಯಲ್ಲಿ ನಾನು ಹೇಳುವುದು ಇದು: ಮೊದಲು ನಿಮ್ಮ ಮನೆಗೇ ಕರೆತನ್ನಿ, ಹಗಲಿಗೆ ಒಬ್ಬ ಆಯಾ ಇಟ್ಟುಕೊಳ್ಳಿ, ಆರು ವಾರ ನೋಡಿ. ಆದರೆ ಕರೆತರುವ ಮೊದಲೇ, ನಡುವಿನ ವಾರಾಂತ್ಯದಲ್ಲಿ, ಎರಡು ಕೇರ್ ಹೋಮ್ ನೋಡಿಟ್ಟಿರಿ. ಆರು ವಾರದಲ್ಲಿ ಮತ್ತೆ ಬಿದ್ದರೆ, ಮನೆಯಿಂದ ಹೊರಗೆ ಹೊರಟರೆ, ನಿಮ್ಮಿಬ್ಬರಲ್ಲಿ ಒಬ್ಬರ ನಿದ್ದೆ ಸತತ ಎರಡು ವಾರ ಹಾಳಾದರೆ, ಆಗ ಅವಸರದಲ್ಲಿ ಸಿಕ್ಕಿದ್ದಕ್ಕೆ ಸೇರಿಸುವಂತಾಗಬಾರದು. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಸಂಜೆ ಹುಡುಕಿದ ಕೇರ್ ಹೋಮ್ ಚೆನ್ನಾಗಿರುವುದು ಅಪರೂಪ.

ಆಯಾ ವ್ಯವಸ್ಥೆಯ ದೊಡ್ಡ ತೊಂದರೆ ಎಂದರೆ ಜನ ಬದಲಾಗುವುದು. ಏಜೆನ್ಸಿ ಈ ವಾರ ಒಬ್ಬರನ್ನು ಕಳಿಸುತ್ತದೆ, ಮುಂದಿನ ವಾರ ಇನ್ನೊಬ್ಬರನ್ನು. ಪ್ರತಿ ಸಲ ಅಮ್ಮ ಹೊಸಬರ ಎದುರು ಸ್ನಾನ ಮಾಡಬೇಕು. ಬದಲಿಯವರು ಬಂದರೆ ಮೊದಲ ದಿನ ಹಳಬರ ಜೊತೆ ಇರಬೇಕು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಇನ್ಸುಲಿನ್ ಕೊಡಲು ತರಬೇತಿ ಆಗಿದೆಯೇ ಎಂದು ಕೇಳಿ ಬಿಡಬೇಡಿ, ನಿಮ್ಮ ಎದುರು ಯೂನಿಟ್ ಅಳೆದು ತೋರಿಸಲಿ. ಇಲ್ಲವಾದರೆ ಬೆಳಗ್ಗೆಯದನ್ನು ಹೊರಡುವ ಮುನ್ನ ನೀವು, ಸಂಜೆಯದನ್ನು ಹೆಂಡತಿ ಕೊಡುವಂತೆ ಹೊತ್ತು ಹೊಂದಿಸಲು ಸಾಧ್ಯವೇ ಎಂದು ಡಾಕ್ಟರನ್ನು ಕೇಳಿ.

ಕೇರ್ ಹೋಮ್ ನೋಡಲು ಅವರು ಕರೆದ ಹೊತ್ತಿಗೆ ಒಮ್ಮೆ ಹೋಗಿ, ಇನ್ನೊಮ್ಮೆ ಹೇಳದೆ ಭಾನುವಾರ ಸಂಜೆ ಆರೂವರೆಗೆ ಹೋಗಿ. ಸಿಬ್ಬಂದಿ ಕಡಿಮೆಯಿರುವ ಹೊತ್ತು ಅದು. ಊಟ ಬಿಸಿಯಿದೆಯೇ, ಉಣ್ಣಲಾಗದವರ ಪಕ್ಕ ಯಾರಾದರೂ ಕೂತಿದ್ದಾರೆಯೇ, ಕುಡಿಯುವ ನೀರು ಕೈಗೆಟಕುವ ಹಾಗಿದೆಯೇ ನೋಡಿ. ನಡೆಯಬಲ್ಲವರಿಗೂ ಡೈಪರ್ ಹಾಕಿದ್ದರೆ ಶೌಚಾಲಯಕ್ಕೆ ಕರೆದೊಯ್ಯಲು ಜನ ಸಾಲುತ್ತಿಲ್ಲ ಎಂದು ಅರ್ಥ. ರಾತ್ರಿ ಒಂದು ಮಹಡಿಗೆ ಎಷ್ಟು ಜನ ಎಚ್ಚರವಿರುತ್ತಾರೆ ಎಂದು ಕೇಳಿ. ಕಳೆದ ಸಲ ಇಲ್ಲಿ ಒಬ್ಬರು ಬಿದ್ದಾಗ ಏನು ಮಾಡಿದಿರಿ ಎಂದೂ ಕೇಳಿ. “ನಮ್ಮಲ್ಲಿ ಯಾರೂ ಬೀಳಲ್ಲ” ಎಂದರೆ ಅಲ್ಲಿಂದ ಹೊರಡಿ. ಎಲ್ಲ ಕಡೆಯೂ ಬೀಳುತ್ತಾರೆ, ಚೆನ್ನಾಗಿ ನಡೆಸುವ ಕಡೆ ಅದನ್ನು ಬರೆದಿಡುತ್ತಾರೆ.

ಬೆಂಗಳೂರಿನಲ್ಲಿ ಇನ್ನೊಂದನ್ನು ನೋಡಲೇಬೇಕು: ಆರೈಕೆ ಮಾಡುವವರಿಗೆ ಕನ್ನಡ ಬರುತ್ತದೆಯೇ. ಕಚೇರಿಯಲ್ಲಿ ಮಾತಾಡುವವರಿಗಲ್ಲ, ರಾತ್ರಿ ಪಾಳಿಯವರಿಗೆ. ಹೊರರಾಜ್ಯಗಳಿಂದ ಬಂದ ಹುಡುಗ ಹುಡುಗಿಯರು ಒಳ್ಳೆಯ ಮನಸ್ಸಿನಿಂದ ದುಡಿಯುತ್ತಾರೆ, ಆದರೆ ಅಮ್ಮ ನಡುರಾತ್ರಿ “ಹೊಟ್ಟೆ ತೊಳಸ್ತಿದೆ, ಕಣ್ಣು ಕತ್ತಲೆ ಬರ್ತಿದೆ” ಎಂದರೆ ಅವರಿಗೆ ಅರ್ಥವಾಗಬೇಕು. ಇನ್ಸುಲಿನ್ ತಗೊಳ್ಳುವವರ ವಿಷಯದಲ್ಲಿ ಇದು ಪ್ರಾಣದ ಪ್ರಶ್ನೆ.

ಒಪ್ಪಂದದ ಕಾಗದದಲ್ಲಿ ತಿಂಗಳ ಹಣಕ್ಕಿಂತ ಬೇರೆ ಸಾಲುಗಳನ್ನು ಹುಡುಕಿ: ಆಸ್ಪತ್ರೆಗೆ ಸೇರಿಸಿದರೆ ಜೊತೆಗೆ ಯಾರಿರುತ್ತಾರೆ, ಆ ದಿನಗಳಿಗೂ ಹಣ ಕಟ್ಟಬೇಕೇ, ಹಾಸಿಗೆ ಹಿಡಿದರೆ ದರ ಎಷ್ಟಾಗುತ್ತದೆ, ಯಾವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದಿಲ್ಲ, ಠೇವಣಿ ಎಷ್ಟು ದಿನದಲ್ಲಿ ವಾಪಸ್. ಹದಿನೈದು ದಿನ ಅಥವಾ ಒಂದು ತಿಂಗಳ ತಾತ್ಕಾಲಿಕ ವಾಸ ಕೊಡುವ ಕಡೆ ಮೊದಲು ಅದನ್ನೇ ಕೇಳಿ. ಸೇರಿಸುವುದಾದರೆ ವಾರದ ನಡುವಿನ ದಿನ, ಬೆಳಗಿನ ಹೊತ್ತು ಸೇರಿಸಿ. ಶನಿವಾರ ಸಂಜೆ ಹೋದರೆ ನರ್ಸ್ ಮುಖ್ಯಸ್ಥರೂ ಡಾಕ್ಟರೂ ಸೋಮವಾರದವರೆಗೆ ಸಿಗದೆ ಹೋಗಬಹುದು, ಔಷಧಿಯ ಹಾಳೆ ಹಾಗೇ ಕೂತಿರುತ್ತದೆ. “ಮೊದಲ ಹದಿನೈದು ದಿನ ಬರಬೇಡಿ, ಅಲ್ಲೀವರೆಗೆ ಒಗ್ಗಿಕೊಳ್ಳುತ್ತಾರೆ” ಎಂದು ಕೆಲವರು ಹೇಳುವುದುಂಟು. ಅದನ್ನು ಒಪ್ಪಬೇಡಿ. ಮೊದಲ ವಾರ ದಿನವೂ ಒಂದೇ ಹೊತ್ತಿಗೆ ಅರ್ಧ ಗಂಟೆ ಹೋಗಿ ಬನ್ನಿ. ನೀವು ತಮ್ಮನ್ನು ಬಿಟ್ಟುಹೋಗಿಲ್ಲ ಎಂದು ಅಮ್ಮನಿಗೆ ಗೊತ್ತಾಗುವುದು ಹಾಗೆ.

ಕರೆತರುವ ಮೂರು ದಿನ

ಗುರುವಾರ ಊರು ಸೇರಿ. ಶುಕ್ರವಾರ ಬೆಳಗ್ಗೆ ಬ್ಯಾಂಕ್. ಊರಿನ ಶಾಖೆಯಲ್ಲಿ ಅಮ್ಮನ ಮುಖಪರಿಚಯ ಇರುತ್ತದೆ, ಅವರು ಸ್ವತಃ ಕೂತು ಸಹಿ ಹಾಕಬಲ್ಲರು. ಖಾತೆಗೆ ಅವರಿಗೆ ಇಷ್ಟವಾದ ಮಗನ ಹೆಸರನ್ನು “ಇಬ್ಬರಲ್ಲಿ ಯಾರಾದರೂ ಅಥವಾ ಬದುಕಿರುವವರು” ಎಂಬ ಷರತ್ತಿನಲ್ಲಿ ಸೇರಿಸುವುದು, ನಾಮಿನಿ ನೋಡುವುದು, ಮೊಬೈಲ್ ನಂಬರ್ ಸರಿಯಿದೆಯೇ ಪರೀಕ್ಷಿಸುವುದು, ಇಷ್ಟೂ ಆ ದಿನ ಮುಗಿಯಲಿ. ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಬರೆದುಕೊಟ್ಟವರ ಬುದ್ಧಿಸ್ವಾಧೀನ ತಪ್ಪಿದರೆ ಭಾರತೀಯ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಅದೂ ಕೊನೆಗೊಳ್ಳುತ್ತದೆ. ಅಂದರೆ ಮರೆವು ಹೆಚ್ಚಾಗಿ ಅದರ ಅಗತ್ಯ ಬೀಳುವ ಹೊತ್ತಿಗೇ ಅದು ಕೈಕೊಡುತ್ತದೆ. ಪಿಂಚಣಿ ಇದ್ದರೆ ಖಾತೆ ಬದಲಿಸಬೇಕಿಲ್ಲ, ಜೀವನ್ ಪ್ರಮಾಣ್ ಮೂಲಕ ಮುಖ ತೋರಿಸಿ ಬೆಂಗಳೂರಿನಿಂದಲೇ ಜೀವಿತ ಪ್ರಮಾಣಪತ್ರ ಸಲ್ಲಿಸಬಹುದು. ತೋಟ, ಮನೆಯ ಕಾಗದಕ್ಕೆ ಈ ವಾರ ಕೈಹಾಕಬೇಡಿ. ಊರು ಬಿಡಿಸುವ ದಿನವೇ ದಾನಪತ್ರಕ್ಕೆ ಸಹಿ ಕೇಳಿದರೆ ಕರೆದೊಯ್ಯುವುದು ಅದಕ್ಕೇ ಎಂದು ಅಮ್ಮ ತಿಳಿದರೆ ತಪ್ಪಿಲ್ಲ. ಮುಂದೆ ಎಂದಾದರೂ ಬರೆಸುವುದಾದರೆ, ಆರೈಕೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಆರೈಕೆ ತಪ್ಪಿದಾಗ ರದ್ದು ಮಾಡಿಸುವ ಹಕ್ಕು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿ ಅವರಿಗಿದೆ. ಆ ಷರತ್ತನ್ನು ಪತ್ರದಲ್ಲಿ ಬರೆಸುವುದು ಅವರ ಹಿತಕ್ಕೆ ಒಳ್ಳೆಯದು.

ಸಾಮಾನಿನಲ್ಲಿ ಹೊಸದು ಬೇಡ. ಅವರ ಹಾಸಿಗೆ, ದಿಂಬು, ಕಂಬಳಿ, ಕೂರುವ ಕುರ್ಚಿ, ಕುಡಿಯುವ ಚೆಂಬು, ದೇವರ ದೀಪ, ಯಜಮಾನರ ಫೋಟೊ. ಹೊಸ ಚಪ್ಪಲಿ ಕೊಡಿಸುವುದನ್ನೂ ಒಂದು ತಿಂಗಳು ಮುಂದಕ್ಕೆ ಹಾಕಿ.

ಶನಿವಾರ ಬೆಳಗ್ಗೆ ಆರಕ್ಕೆ ತಿಂಡಿ ತಿಂದೇ ಹೊರಡಿ. ಇನ್ಸುಲಿನ್ ಎಂದಿನ ಹೊತ್ತಿಗೆ, ತಿಂಡಿ ಎದುರಿಗಿದ್ದಾಗ ಮಾತ್ರ. ಶಿವಮೊಗ್ಗ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ದಾರಿಯಲ್ಲಿ ಏಳೆಂಟು ಗಂಟೆ ಹಿಡಿಯುತ್ತದೆ. ಪ್ರತಿ ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆಸಿ, ಶೌಚಾಲಯ ತೋರಿಸಿ, ಒಂದು ಲೋಟ ನೀರು ಕುಡಿಸಿ. ದಾರಿಯಲ್ಲಿ ಆಗುತ್ತದೆಂದು ಹೆದರುವವರಿಗೆ, ಅವರು ಒಪ್ಪಿದರೆ, ಒಂದು ಪ್ಯಾಡ್ ಹಾಕಿಸಿದರೆ ನೀರು ಕುಡಿಯಲು ಧೈರ್ಯ ಬರುತ್ತದೆ. ಕಡೂರಿನಲ್ಲೋ ಅರಸೀಕೆರೆಯಲ್ಲೋ ಸಕ್ಕರೆ ಪರೀಕ್ಷಿಸಿ. ಇನ್ಸುಲಿನ್ ಬಾಟಲಿ ಡಿಕ್ಕಿಯಲ್ಲಾಗಲಿ ಡ್ಯಾಶ್‌ಬೋರ್ಡ್ ಮೇಲಾಗಲಿ ಬೇಡ, ಬಾಯಿ ಅಗಲದ ಫ್ಲಾಸ್ಕಿನಲ್ಲಿ ತಣ್ಣಗಿರಲಿ, ಮಂಜುಗಡ್ಡೆಗೆ ನೇರವಾಗಿ ತಾಗದಿರಲಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಕೆಲಸಕ್ಕೆ ಬಾರದು.

ವಾಂತಿ ಆಗದಿರಲಿ ಎಂದು ಅವೊಮಿನ್, ನಿದ್ದೆ ಮಾಡಿಕೊಂಡು ಬರಲಿ ಎಂದು ಆಲ್‌ಪ್ರಾಜೊಲಾಮ್ ಕೊಡುವುದು ನಮ್ಮಲ್ಲಿ ರೂಢಿ. ಈ ವಯಸ್ಸಿನಲ್ಲಿ, ಅದರಲ್ಲೂ ಮರೆವಿರುವವರಲ್ಲಿ, ಎರಡೂ ಮಾತ್ರೆಗಳು ಬುದ್ಧಿ ಕಲಕಬಲ್ಲವು, ಮರುದಿನದವರೆಗೆ ಕಾಲು ತೂರಾಡಿಸಬಲ್ಲವು. ಮುಂದಿನ ಸೀಟು, ತೆರೆದ ಕಿಟಕಿ, ಹಗುರ ತಿಂಡಿ ಮೊದಲು ನೋಡಿ. ಮಾತ್ರೆ ಬೇಕೇಬೇಕೆಂದರೆ ಡಾಕ್ಟರು ಬರೆದದ್ದು ಮಾತ್ರ.

ಮಧ್ಯಾಹ್ನ ಮೂರರೊಳಗೆ ಮನೆ ಮುಟ್ಟುವಂತಿರಲಿ. ಬೆಳಕಿನಲ್ಲಿ ಮನೆ ನೋಡಿದರೆ ದಾರಿ ಮನಸ್ಸಿಗೆ ಕೂರುತ್ತದೆ. ಮಂಚದಿಂದ ಶೌಚಾಲಯಕ್ಕೆ, ಅಲ್ಲಿಂದ ಮಂಚಕ್ಕೆ ಸಂಜೆಯೊಳಗೆ ನಾಲ್ಕೈದು ಸಲ ಅವರೇ ನಡೆದು ಬರಲಿ.

ಬಂದ ಮೇಲಿನ ನಾಲ್ಕು ದಿನ

ಮಂಚದ ಮೇಲೆ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಸುಮಾರು 45 ಸೆಂಟಿಮೀಟರ್ ಎತ್ತರ ಹೆಚ್ಚಿನವರಿಗೆ ಸರಿಹೋಗುತ್ತದೆ. ದಾರಿಯುದ್ದಕ್ಕೂ ರಾತ್ರಿಯಿಡೀ ಸಣ್ಣ ದೀಪ. ಕಾಲೊರೆಸುವ ಬಟ್ಟೆ, ಜಾರುವ ಮ್ಯಾಟು ತೆಗೆದುಹಾಕಿ. ಶೌಚಾಲಯದ ಗೋಡೆಗೆ ಹಿಡಿಕಂಬಿ ಕೂರಿಸಿ, ಟವೆಲ್ ನೇತುಹಾಕುವ ಕಂಬಿ ಮನುಷ್ಯರ ಭಾರ ತಡೆಯದು. ಇದನ್ನು ಕರೆತರುವ ಮೊದಲಿನ ವಾರಾಂತ್ಯದಲ್ಲೇ ಮಾಡಿಸಿ. ಮೊದಲ ಐದು ರಾತ್ರಿ ನೀವೋ ಹೆಂಡತಿಯೋ ಅದೇ ಕೋಣೆಯಲ್ಲಿ ಮಲಗಿ.

ಆಯಾ ಸೋಮವಾರದಿಂದಲೇ ಬರಲಿ, ನೀವು ಮನೆಯಲ್ಲಿರುವಾಗ. ಸೋಮವಾರ ನೀವು ಮಾಡಿ, ಅವರು ನೋಡಲಿ. ಮಂಗಳವಾರ ಒಟ್ಟಿಗೆ ಮಾಡಿ. ಬುಧವಾರ ಅವರು ಮಾಡಲಿ, ನೀವು ಪಕ್ಕದ ಕೋಣೆಯಲ್ಲಿರಿ. ಗುರುವಾರ ಮೂರು ಗಂಟೆ ಹೊರಗೆ ಹೋಗಿ ಬನ್ನಿ. ಈ ನಾಲ್ಕು ದಿನ ಉಳಿಸಿಟ್ಟದ್ದು ಇದಕ್ಕೇ.

ಈ ವಾರ ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡಿ ಬರೆದಿಡಿ: ಮೂರು ಹೊತ್ತಿನ ಊಟಕ್ಕೆ ಮೊದಲು, ಮಲಗುವಾಗ. ಊರಿನಲ್ಲಿ ಕೊಟ್ಟಿಗೆ, ಅಂಗಳ, ತೋಟ ಎಂದು ನಡೆಯುತ್ತಿದ್ದವರು ಫ್ಲ್ಯಾಟಿನಲ್ಲಿ ಕೂತರೆ ಸಕ್ಕರೆ ಏರಬಹುದು, ಊಟ ಸೇರದಿದ್ದರೆ ಇಳಿಯಬಹುದು. ಇನ್ಸುಲಿನ್ ಪ್ರಮಾಣವನ್ನು ನೀವೇ ಬದಲಿಸಬೇಡಿ, ಬರೆದದ್ದನ್ನು ಡಾಕ್ಟರಿಗೆ ಕಳಿಸಿ. ಬೆವರು, ನಡುಕ, ಅಸಂಬದ್ಧ ಮಾತು ಕಂಡು ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಈ ಮೂರು ಸಾಲನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

“ಮನೆಗೆ ಹೋಗೋಣ” ಎಂದು ಅಮ್ಮ ಸಂಜೆ ಹೊತ್ತು ಕೇಳುವುದು, ಮಂಕಾಗಿ ಕೂರುವುದು ಮೊದಲ ವಾರಗಳಲ್ಲಿ ಸಹಜ, ನಿಧಾನವಾಗಿ ಇಳಿಯುತ್ತದೆ. ಸಹಜವಲ್ಲದ್ದು ಬೇರೆ ಇದೆ. ಬೆಳಗ್ಗೆ ಸರಿಯಾಗಿದ್ದವರು ಸಂಜೆಯ ಹೊತ್ತಿಗೆ ಮಗನನ್ನೇ ಗುರುತಿಸದಿರುವುದು, ಇಲ್ಲದವರ ಜೊತೆ ಮಾತಾಡುವುದು, ಮಾತಿನ ನಡುವೆಯೇ ತೂಕಡಿಸುವುದು, ಗಂಟೆಗೊಂದು ಥರ ಇರುವುದು. ಇದು ಮರೆವು ಹೆಚ್ಚಾದದ್ದಲ್ಲ, ದೇಹದಲ್ಲಿ ಏನೋ ಕೆಟ್ಟಿದೆ ಎಂಬ ಸೂಚನೆ: ಸೋಂಕು, ಸಕ್ಕರೆ, ಸೋಡಿಯಂ, ಮಲ ಕಟ್ಟಿರುವುದು, ಹೊಸ ಮಾತ್ರೆ. ಹೊಸ ಜಾಗಕ್ಕೆ ಹೀಗಾಗಿದೆ ಎಂದು ನಾಲ್ಕು ದಿನ ಕಾಯಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ. ಖಾತೆಯಲ್ಲಿ ಉಳಿಸಿಟ್ಟ ಮೂರು ದಿನ ಬಳಸಬೇಕಾದದ್ದು ಆಗ.

ಮಾರ್ಚ್ 13ರ ರಜೆಯ ದಿನ ಮೂರು ವಾರದ ಸಕ್ಕರೆಯ ಪಟ್ಟಿ, ಊರಿನ ಡಾಕ್ಟರ ಹಾಳೆ, ಹಳೆಯ ರಕ್ತಪರೀಕ್ಷೆ ಹಿಡಿದು ಬೆಂಗಳೂರಿನ ಡಾಕ್ಟರಲ್ಲಿಗೆ ಹೋಗಿ. ತೂಕ ನೋಡಿಸಿ, ಬಂದ ದಿನಕ್ಕಿಂತ ಎರಡು ಕಿಲೋ ಇಳಿದಿದ್ದರೆ ಊಟ ಸೇರುತ್ತಿಲ್ಲ ಎಂದು ಅರ್ಥ. ಮಲೆನಾಡಿನ ಕುಚ್ಚಲಕ್ಕಿ ಗಂಜಿ, ತಂಬುಳಿ ಬಿಟ್ಟು ಬೆಂಗಳೂರಿನ ಖಾರದ ಸಾರಿಗೆ ಬಂದವರಲ್ಲಿ ಇದು ಆಗಾಗ ಕಾಣುತ್ತದೆ, ಆಯಾಗೆ ತಂಬುಳಿ ಮಾಡಲು ಹೇಳಿಕೊಟ್ಟರೆ ಸರಿಹೋಗುತ್ತದೆ. ಸ್ಮರಣಶಕ್ತಿಯ ಪರೀಕ್ಷೆಯನ್ನು ಈ ಭೇಟಿಯಲ್ಲಿ ಕೇಳಿ, ಬಂದ ವಾರದಲ್ಲೇ ಮಾಡಿಸಿದರೆ ಪ್ರಯಾಣದ ಗೊಂದಲವೂ ಅಂಕದಲ್ಲಿ ಸೇರಿಬಿಡುತ್ತದೆ. ಅಂದೇ ಸಂಜೆ ಅಣ್ಣನನ್ನು ವಿಡಿಯೊ ಕರೆಯಲ್ಲಿ ಕೂರಿಸಿ, ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಆರು ವಾರ ತುಂಬಿದ ಮೇಲೆ ಏನು ಎಂಬ ಮಾತನ್ನು ಎತ್ತಿ. ಖರ್ಚಿನಲ್ಲಿ ಯಾರದೆಷ್ಟು, ರಾತ್ರಿ ಯಾರು, ಅಣ್ಣ ವರ್ಷದಲ್ಲಿ ಯಾವ ತಿಂಗಳು ಬಂದು ನಿಮ್ಮನ್ನು ಬಿಡಿಸುತ್ತಾರೆ, ಇವು ಮೂರನ್ನೂ ಆ ಕರೆಯಲ್ಲೇ ತಾರೀಖು, ಅಂಕಿ ಸಮೇತ ಬರೆದುಕೊಳ್ಳಿ.